ಅಜ್ಜಿಯ ಹುಟ್ಟುಹಬ್ಬದ ಸ್ಟೇಟಸ್: ನಾಲ್ಕು ಸಾಲು, ಅದರ ಕಾಗುಣಿತ

ಪ್ರಶ್ನೆ: ನಾಡಿದ್ದು ನಮ್ಮ ಅಜ್ಜಿಗೆ 80 ತುಂಬುತ್ತದೆ. ಫೋನಿನ ಸ್ಟೇಟಸ್‌ಗೆ ಅಂತ ನಾನೇ ಇಷ್ಟು ಬರೆದಿದ್ದೇನೆ: "ಪ್ರೀತಿಯ ಅಜ್ಜಿಗೆ 80 ನೇ ಹುಟ್ಟು ಹಬ್ಬದ ಹಾದಿ೯ಕ ಶುಭಾಷಯಗಳು. ನೀನು ನೂರು ವರುಷ ಸುಖವಾಗಿ ಬಾಳಲೆಂದು ಆರೈಸುತ್ತೇವೆ. ನಿಮ್ಮ ಆರ್ಶಿವಾದ ಯಾವಗಲು ನಮ್ಮ ಮೇಲೆ ಇರಲಿ. ಇ೦ತಿ ನಿಮ್ಮ ಮೊಮ್ಮಕ್ಕಳು." ಅಜ್ಜಿ ದಿನಾ ಪೇಪರ್ ಓದುವವರು, ತಪ್ಪಿದ್ದರೆ ತಕ್ಷಣ ಗೊತ್ತಾಗುತ್ತದೆ. ಕಾಗುಣಿತ ನೋಡಿ ತಿದ್ದಿಕೊಡ್ತೀರಾ? ಯಾಕೆ ತಪ್ಪು ಅಂತಲೂ ಹೇಳಿದರೆ ಒಳ್ಳೇದು.

ಉತ್ತರ: ಮೊದಲು ತಿದ್ದಿದ ರೂಪ ಕೊಟ್ಟುಬಿಡುತ್ತೇನೆ. ಸಮಯ ಇಲ್ಲದಿದ್ದರೆ ಇದನ್ನು ಹಾಗೇ ನಕಲು ಮಾಡಿಕೊಳ್ಳಿ.

"ಪ್ರೀತಿಯ ಅಜ್ಜಿಗೆ 80ನೇ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು. ನೀವು ನೂರು ವರುಷ ಸುಖವಾಗಿ ಬಾಳಬೇಕೆಂದು ಹಾರೈಸುತ್ತೇವೆ. ನಿಮ್ಮ ಆಶೀರ್ವಾದ ಯಾವಾಗಲೂ ನಮ್ಮ ಮೇಲೆ ಇರಲಿ. ಇಂತಿ ನಿಮ್ಮ ಮೊಮ್ಮಕ್ಕಳು."

ನಾನು ಮುಟ್ಟದೆ ಬಿಟ್ಟಿರುವುದನ್ನೂ ಗಮನಿಸಿ. "ವರುಷ" ತಪ್ಪಲ್ಲ. "ವರ್ಷ" ಅಂತಲೇ ಇರಬೇಕು ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ, ಎರಡೂ ಬಳಕೆಯಲ್ಲಿವೆ. "ಮೇಲೆ ಇರಲಿ" ಅನ್ನುವುದನ್ನು "ಮೇಲಿರಲಿ" ಅಂತ ಕೂಡಿಸಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. ತಿದ್ದುವವರು ತಮಗೆ ಇಷ್ಟವಾದ ರೂಪವನ್ನು ಬರೆದವರ ಮೇಲೆ ಹೇರಬಾರದು ಅನ್ನುವುದು ನನ್ನ ಅಭಿಪ್ರಾಯ. ತಪ್ಪು ಇರುವ ಕಡೆ ಮಾತ್ರ ಕೈ ಹಾಕಬೇಕು.

ಈಗ ಕಾರಣಗಳು. ನಿಮ್ಮ ಬರಹದಲ್ಲಿ ಎರಡು ಬಗೆಯ ತಪ್ಪುಗಳಿವೆ. ಕೆಲವು ಪದ ಸರಿಯಾಗಿ ಗೊತ್ತಿಲ್ಲದೆ ಬಂದಿವೆ. ಇನ್ನು ಕೆಲವು ಪದ ಗೊತ್ತಿದ್ದೂ ಕೀಬೋರ್ಡಿನಲ್ಲಿ ಬೇರೆ ಗುಂಡಿ ಒತ್ತಿದ್ದರಿಂದ ಬಂದಿವೆ. ಎರಡನೇ ಬಗೆಯದ್ದು ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

"ಹಾದಿ೯ಕ" ಪದದಲ್ಲಿ ಇರುವುದು ಒಂಬತ್ತು

ನೀವು ಬರೆದ ಪದವನ್ನು ಹತ್ತಿರದಿಂದ ನೋಡಿ. ನೋಡುವುದಕ್ಕೆ ಅರ್ಕಾವತ್ತು ಇದ್ದ ಹಾಗೇ ಇದೆ. ಆದರೆ ಅಲ್ಲಿ ಕೂತಿರುವುದು ಕನ್ನಡದ ಒಂಬತ್ತರ ಅಂಕಿ. ಫೋನಿನ ಲೆಕ್ಕದಲ್ಲಿ ನೀವು ಬರೆದದ್ದು "ಹಾದಿ, ಒಂಬತ್ತು, ಕ". ಇದು ನಿಮ್ಮೊಬ್ಬರ ತಪ್ಪಲ್ಲ. ಅಂಗಡಿ ಬೋರ್ಡು, ಮದುವೆ ಕಾರ್ಡು, ಬ್ಯಾನರು, ಎಲ್ಲ ಕಡೆ ಇದನ್ನು ನೋಡುತ್ತೇನೆ.

ಯಾಕೆ ಹೀಗಾಗುತ್ತದೆ ಅಂದರೆ, ಅರ್ಕಾವತ್ತಿನ ವಿಷಯದಲ್ಲಿ ಬಾಯಿ ಹೇಳುವುದೇ ಬೇರೆ, ಕೈ ಬರೆಯುವುದೇ ಬೇರೆ. ಹೇಳುವಾಗ "ರ್" ಮೊದಲು ಬರುತ್ತದೆ, ಆಮೇಲೆ "ದಿ". ಕೈಯಲ್ಲಿ ಬರೆಯುವಾಗ ಮೊದಲು "ದಿ" ಬರೆದು, ಆಮೇಲೆ ಅದರ ಬಲಗಡೆ ಆ ಗುರುತನ್ನು ಎಳೆಯುತ್ತೇವೆ. ಕೈಬರಹದ ಅಭ್ಯಾಸ ಇರುವವರು ಕೀಬೋರ್ಡಿನಲ್ಲೂ "ದಿ" ಒತ್ತಿದ ಮೇಲೆ ಆ ಗುರುತನ್ನು ಹುಡುಕುತ್ತಾರೆ. ಅಂಥ ಗುಂಡಿ ಕಾಣುವುದಿಲ್ಲ. ಅಂಕಿಗಳ ಪುಟದಲ್ಲಿ ಅದೇ ಆಕಾರದ ೯ ಕಾಣುತ್ತದೆ. ಒತ್ತಿಬಿಡುತ್ತಾರೆ.

ಫೋನಿನಲ್ಲಿ ಬಾಯಿಯ ಕ್ರಮದಲ್ಲೇ ಒತ್ತಬೇಕು. ಮೊದಲು ರ, ಅದರ ಮೇಲೆ ಅರ್ಧಾಕ್ಷರ ಮಾಡುವ ಗುರುತು, ಆಮೇಲೆ ದ, ಕೊನೆಗೆ ಗುಡಿಸು:

```
ಹ + ಾ + ರ + ್ + ದ + ಿ + ಕ  =  ಹಾರ್ದಿಕ
```

ರ ಮತ್ತು ್ ಒತ್ತಿದಾಗ ತೆರೆಯ ಮೇಲೆ "ಹಾರ್" ಅಂತ ಕಾಣುತ್ತದೆ. ದ ಒತ್ತಿದ ತಕ್ಷಣ ರ್ ತಾನಾಗಿ ಹಾರಿ ದ ಅಕ್ಷರದ ಬಲಕ್ಕೆ ಹೋಗಿ ಅರ್ಕಾವತ್ತಾಗಿ ಕೂರುತ್ತದೆ. ಆ ಕೆಲಸ ಫಾಂಟಿನದ್ದು, ನಿಮ್ಮದಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕನ್ನಡ ಪಡೆಯುವ ಕೀಬೋರ್ಡ್ ಇದ್ದರೆ hardika ಅಂತ ಒತ್ತಿ, ಕೆಳಗೆ ಬರುವ ಆಯ್ಕೆಗಳಲ್ಲಿ ಸರಿಯಾದದ್ದನ್ನು ಆರಿಸಿಕೊಳ್ಳಿ. ಮೊದಲು ಬಂದದ್ದೇ ಸರಿ ಅಂತ ಭಾವಿಸಬೇಡಿ.

ಈಗಾಗಲೇ ಬರೆದಿರುವುದರಲ್ಲಿ ೯ ಇದೆಯೋ ನಿಜವಾದ ಅರ್ಕಾವತ್ತು ಇದೆಯೋ ತಿಳಿಯುವುದು ಹೇಗೆ? ಸುಲಭದ ಪರೀಕ್ಷೆ ಒಂದಿದೆ. ಆ ಗುರುತಿನ ಬಲಕ್ಕೆ ಕರ್ಸರ್ ಇಟ್ಟು ಅಳಿಸುವ ಗುಂಡಿಯನ್ನು ಒಂದೇ ಸಲ ಒತ್ತಿ. ಗುರುತು ಮಾತ್ರ ಹೋಗಿ "ಹಾದಿ" ಹಾಗೇ ಉಳಿದರೆ ಅದು ಅಂಕಿ. ನಿಜವಾದ ಅರ್ಕಾವತ್ತಾದರೆ ಮೊದಲು ಗುಡಿಸು ಹೋಗಿ "ಹಾರ್ದ" ಉಳಿಯುತ್ತದೆ, ಇಲ್ಲವೇ ಕೆಲವು ಫೋನ್‌ಗಳಲ್ಲಿ ಇಡೀ ಅಕ್ಷರವೇ ಹೋಗುತ್ತದೆ. ಅರ್ಕಾವತ್ತು ಒಂದೇ ಕಳಚಿಕೊಂಡು ಬರುವುದು ಸಾಧ್ಯವೇ ಇಲ್ಲ, ಯಾಕೆಂದರೆ ಅದು ದ ಅಕ್ಷರಕ್ಕಿಂತ ಹಿಂದೆ ಒತ್ತಿದ ರ್.

ಕಣ್ಣಿಗೆ ಒಂದೇ ಥರ ಕಂಡರೆ ಏನು ತೊಂದರೆ ಅಂತ ನೀವು ಕೇಳಬಹುದು. ಫೋನಿನ ಫಾಂಟ್ ಬದಲಾದರೆ ೯ ದೊಡ್ಡದಾಗಿ, ಪಕ್ಕದಲ್ಲಿ ಬೇರೆಯಾಗಿ ನಿಂತುಬಿಡುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಕಣ್ಣು ಮಂಜಾದ ಹಿರಿಯರು ಫೋನಿನಿಂದಲೇ ಓದಿಸಿಕೊಂಡು ಕೇಳುತ್ತಾರೆ. ಓದುವ ದನಿ ಅಲ್ಲಿ "ಹಾದಿ ಒಂಬತ್ತು ಕ" ಅನ್ನಬಹುದು. 80ರ ಅಜ್ಜಿಗೆ ಬರೆಯುವಾಗ ಇದನ್ನು ಯೋಚಿಸಲೇಬೇಕು ಅಲ್ವಾ?

ಹಾಗೇ ಇನ್ನೊಂದು. ಈ ಪದದಲ್ಲಿ ಬರುವುದು ದ, ಧ ಅಲ್ಲ. "ಹಾರ್ಧಿಕ" ಅಂತ ಬರೆಯುವವರೂ ಬಹಳ ಜನ ಇದ್ದಾರೆ. "ಹೃದಯ" ಪದದಲ್ಲಿ ಯಾವ ದ ಇದೆಯೋ ಇಲ್ಲೂ ಅದೇ. ಹಾಗೆ ನೆನಪಿಟ್ಟುಕೊಂಡರೆ ಸಾಕು. ಬಾಯಲ್ಲಿ ಹೇಳಿ ಟೈಪ್ ಮಾಡಿಸುವವರಾದರೆ "ಆರ್ಥಿಕ" ಅಂತ ಬಂದಿದೆಯಾ ನೋಡಿಕೊಳ್ಳಿ. ಹ ಮೆಲ್ಲಗೆ ಹೇಳಿದರೆ ಹಾಗೆ ಕೇಳಿಸಬಹುದು. "ಆರ್ಥಿಕ" ಅನ್ನುವುದೂ ಸರಿಯಾದ ಕನ್ನಡ ಪದವೇ ಆದ್ದರಿಂದ ಕೆಂಪು ಗೆರೆಯೂ ಬರುವುದಿಲ್ಲ.

"ಇ೦ತಿ" ಪದದಲ್ಲೂ ಅಂಕಿಯೇ

ಇದೂ ಅದೇ ಜಾತಿಯ ತಪ್ಪು. ಅನುಸ್ವಾರವನ್ನೂ ನಾವು ಸೊನ್ನೆ ಅಂತಲೇ ಕರೆಯುತ್ತೇವೆ, ಅಂಕಿಯನ್ನೂ ಸೊನ್ನೆ ಅಂತಲೇ ಕರೆಯುತ್ತೇವೆ, ಎರಡರ ಆಕಾರವೂ ದುಂಡಗೆ. ಹಾಗಾಗಿ ಅಂಕಿಗಳ ಪುಟಕ್ಕೆ ಹೋಗಿ ೦ ಒತ್ತುವುದು ಸಹಜ. ಆದರೆ "ಇಂತಿ" ಪದದಲ್ಲಿ ಇರಬೇಕಾದ ಸೊನ್ನೆ ಸ್ವರಗಳ ಗುಂಪಿನಲ್ಲಿ, ವಿಸರ್ಗದ ಪಕ್ಕದಲ್ಲಿ ಇರುತ್ತದೆ.

ಇಲ್ಲಿ ಅಳಿಸುವ ಪರೀಕ್ಷೆ ಕೆಲಸಕ್ಕೆ ಬರುವುದಿಲ್ಲ, ಎರಡೂ ಒಂದೇ ಒತ್ತಿಗೆ ಹೋಗುತ್ತವೆ. ಬದಲಿಗೆ ಹೀಗೆ ಮಾಡಿ. ಆ ಸೊನ್ನೆಯ ಹಿಂದೆ ಕರ್ಸರ್ ಇಟ್ಟು, ಅಂದರೆ ಇ ಮತ್ತು ಸೊನ್ನೆಯ ನಡುವೆ, ಒಂದು ಖಾಲಿ ಜಾಗ ಬಿಡಿ. ಅಂಕಿಯಾದರೆ ಅದು ಒಂಟಿಯಾಗಿ ಆರಾಮಾಗಿ ನಿಲ್ಲುತ್ತದೆ. ಅನುಸ್ವಾರವಾದರೆ ಅದಕ್ಕೆ ಒಂಟಿಯಾಗಿ ನಿಲ್ಲಲು ಬರುವುದಿಲ್ಲ. ಸಾಮಾನ್ಯವಾಗಿ ಅದರ ಪಕ್ಕ ಚುಕ್ಕಿಗಳ ಒಂದು ವೃತ್ತ ಮೂಡುತ್ತದೆ, ಅಥವಾ ಕರ್ಸರ್ ಅವುಗಳ ನಡುವೆ ಹೋಗಲು ಒಪ್ಪುವುದೇ ಇಲ್ಲ. ಇಷ್ಟೆಲ್ಲ ಬೇಡ ಅನ್ನಿಸಿದರೆ ಸುಮ್ನೆ ಆ ಪದ ಅಳಿಸಿ ಸರಿಯಾದ ಗುಂಡಿಯಿಂದ ಇನ್ನೊಮ್ಮೆ ಬರೆಯಿರಿ.

ಅಂಕಿಯ ಸೊನ್ನೆಗೆ ಜಾಗ ಇರುವುದು ವಯಸ್ಸಿನಲ್ಲಿ. 80 ಬದಲು ೮೦ ಅಂತ ಬರೆಯಬೇಕು ಅಂತಿದ್ದರೆ ಅಲ್ಲಿ ಅದನ್ನೇ ಬಳಸಿ. ಎರಡು ಬಗೆಯ ಅಂಕಿಯೂ ಸರಿಯೇ. ಒಂದೇ ಸ್ಟೇಟಸ್‌ನಲ್ಲಿ ಎರಡನ್ನೂ ಬೆರೆಸಬೇಡಿ, ಅಷ್ಟೇ.

"ಶುಭಾಷಯ"

ಹುಟ್ಟುಹಬ್ಬದ ಬರಹಗಳಲ್ಲಿ ನಾನು ಅತಿ ಜಾಸ್ತಿ ತಿದ್ದುವ ಪದ ಇದು. ಶುಭ ಮತ್ತು ಆಶಯ ಸೇರಿ ಶುಭಾಶಯ ಆಗಿದೆ. "ಆಶಯ" ಅಂತ ಒಂಟಿಯಾಗಿ ಬರೆಯಿರಿ ಅಂದರೆ ಯಾರೂ ಷ ಹಾಕುವುದಿಲ್ಲ. ಸೇರಿಸಿ ಬರೆಯುವಾಗ ಮಾತ್ರ ಕೈ ತಪ್ಪುತ್ತದೆ. ನನಗನ್ನಿಸುವ ಕಾರಣ ಇದು. "ಭಾ" ಆದ ಮೇಲೆ ಷ ಬರೆದು ನಮಗೆ ಅಭ್ಯಾಸ ಆಗಿದೆ. ಭಾಷೆ, ಭಾಷಣ, ಭಾಷಾಂತರ, ಎಲ್ಲದರಲ್ಲೂ ಹಾಗೇ ಇದೆ. ಅದೇ ಓಟದಲ್ಲಿ "ಶುಭಾ" ಆದ ಮೇಲೂ ಷ ಬಂದುಬಿಡುತ್ತದೆ. ಮಾತಿನಲ್ಲಿ ಶ ಮತ್ತು ಷ ಎರಡನ್ನೂ ನಾವು ಹೆಚ್ಚುಕಡಿಮೆ ಒಂದೇ ಥರ ಹೇಳುವುದರಿಂದ ಕಿವಿ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಪದವನ್ನು ಒಡೆದು ನೋಡುವುದೊಂದೇ ದಾರಿ.

ಒಡೆದು ನೋಡಿದರೆ ಇನ್ನೂ ಎರಡು ತಪ್ಪು ತಾವಾಗಿ ಸರಿಹೋಗುತ್ತವೆ. "ಶುಬಾಶಯ" ಅಂತ ಬರೆದವರಿಗೆ "ಶುಭ" ಅನ್ನುವಲ್ಲಿ ಭ ಇದೆ ಅಂತ ನೆನಪಾಗುತ್ತದೆ. "ಶುಭಶಯ" ಅಂತ ಬರೆದವರಿಗೆ "ಆಶಯ" ಅನ್ನುವುದರ ಆ ಎಲ್ಲಿ ಹೋಯಿತು ಅಂತ ಗೊತ್ತಾಗುತ್ತದೆ.

ಫೋನಿನ ಇನ್ನೊಂದು ಗುಣ ಇಲ್ಲಿ ಹೇಳಬೇಕು. ನೀವು "ಶುಭಾಷಯಗಳು" ಅಂತ ಕೆಲವು ಸಲ ಬರೆದಿದ್ದರೆ ಕೀಬೋರ್ಡ್ ಅದನ್ನು ಕಲಿತುಬಿಟ್ಟಿರುತ್ತದೆ. ಮುಂದೆ "ಶುಭ" ಒತ್ತುತ್ತಿದ್ದ ಹಾಗೇ ಅದೇ ತಪ್ಪು ಪದವನ್ನು ಮುಂದೆ ತಂದಿಡುತ್ತದೆ. ಬಹಳಷ್ಟು ಕೀಬೋರ್ಡ್‌ಗಳಲ್ಲಿ ಸಲಹೆಯಾಗಿ ಬಂದ ಪದವನ್ನು ಒತ್ತಿ ಹಿಡಿದರೆ ಅದನ್ನು ತೆಗೆದುಹಾಕುವ ಆಯ್ಕೆ ಬರುತ್ತದೆ. ಒಮ್ಮೆ ತೆಗೆದು, ಸರಿಯಾದ ರೂಪವನ್ನು ಅಕ್ಷರ ಅಕ್ಷರ ಒತ್ತಿ ಬರೆಯಿರಿ. ಮುಂದಿನ ಸಲದಿಂದ ಅದು ಸರಿಯಾದದ್ದನ್ನೇ ಕೊಡುತ್ತದೆ.

"ಆರೈಸುತ್ತೇವೆ" ಮತ್ತು "ಹಾರೈಸುತ್ತೇವೆ"

ಒಂದು ಹ ಬಿಟ್ಟುಹೋದರೆ ಪದ ತಪ್ಪಾದಂತೆ ಕಾಣುವುದಿಲ್ಲ, ಬೇರೆ ಪದವೇ ಆಗುತ್ತದೆ. "ಆರೈಕೆ ಮಾಡು" ಅಂತೀವಲ್ಲ, ರೋಗಿಯನ್ನು, ಮಗುವನ್ನು ನೋಡಿಕೊಳ್ಳುವುದಕ್ಕೆ, "ಆರೈಸು" ಆ ಸಾಲಿಗೆ ಸೇರಿದ್ದು. ಒಳ್ಳೆಯದಾಗಲಿ ಅಂತ ಬಯಸುವುದು "ಹಾರೈಸು", ಅದರಿಂದ ಬಂದದ್ದು "ಹಾರೈಕೆ". ನೀವು ಬರೆದ ಹಾಗೆ ಬಿಟ್ಟರೆ ಅಜ್ಜಿಯನ್ನು ಉಪಚಾರ ಮಾಡುತ್ತೇವೆ ಅನ್ನುವ ಅರ್ಥದ ಕಡೆ ವಾಲುತ್ತದೆ. ಅದೂ ಒಳ್ಳೆಯ ಮಾತೇ, ಆದರೆ ನೀವು ಹೇಳಹೊರಟದ್ದು ಅದಲ್ಲ.

ಮಾತಿನಲ್ಲಿ ಹ ಬಿಡುವುದು ಎಷ್ಟೋ ಕಡೆಯ ಕನ್ನಡದಲ್ಲಿ ಇದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬರೆಯುವಾಗ ಮಾತ್ರ ಆ ಒಂದು ಅಕ್ಷರದ ಮೇಲೆ ಗಮನ ಇರಲಿ. ಯಾವ ಸ್ಪೆಲ್ ಚೆಕ್ಕೂ ಇದನ್ನು ಹಿಡಿಯುವುದು ಕಷ್ಟ. ಎರಡೂ ನಿಘಂಟಿನಲ್ಲಿ ಇರುವ ಪದಗಳೇ.

"ಆರ್ಶಿವಾದ", "ಯಾವಗಲು"

"ಆಶೀರ್ವಾದ" ಬರೆಯುವಾಗ ಅರ್ಕಾವತ್ತು ಒಂದು ಅಕ್ಷರ ಮುಂಚೆ ಬಂದುಬಿಡುತ್ತದೆ. ಕಾರಣ ಮೇಲೆ ಹೇಳಿದ್ದೇ. ಪುಸ್ತಕದಲ್ಲಿ ಆ ಗುರುತು "ವಾ" ಅಕ್ಷರದ ಬಲಕ್ಕೆ ಕಾಣುತ್ತದೆ, ಬಾಯಲ್ಲಿ ಅದು "ವಾ" ಅಕ್ಷರಕ್ಕಿಂತ ಮೊದಲು ಬರುತ್ತದೆ. ಎರಡರ ನಡುವೆ ಎಲ್ಲೋ ಗೊಂದಲವಾಗಿ ರ್ ಜಾಗ ತಪ್ಪುತ್ತದೆ. ಒಮ್ಮೆ ನಿಧಾನವಾಗಿ ಹೇಳಿ ನೋಡಿ: ಆ, ಶೀರ್, ವಾ, ದ. ಶೀ ಉದ್ದ ಇದೆ, ರ್ ಅದರ ಬೆನ್ನಿಗೆ ಅಂಟಿಕೊಂಡಿದೆ. ಒತ್ತುವ ಕ್ರಮವೂ ಅದೇ:

```
ಆ + ಶ + ೀ + ರ + ್ + ವ + ಾ + ದ  =  ಆಶೀರ್ವಾದ
```

ಮುಂದೊಮ್ಮೆ "ಆಶೀರ್ವದಿಸಿ" ಅಂತ ಬರೆಯುವುದಿದ್ದರೆ ಅಲ್ಲಿ "ವ" ಗಿಡ್ಡ. "ಆಶೀರ್ವಾದಿಸಿ" ಅನ್ನುವುದು ತಪ್ಪು. "ಆಶೀರ್ವಾದ ಮಾಡಿ" ಅಂದರೆ ಆ ಗೊಂದಲವೇ ಇರುವುದಿಲ್ಲ.

"ಯಾವಾಗಲೂ" ಪದದಲ್ಲಿ ಎರಡು ಕಡೆ ಉದ್ದ ಬೇಕು. "ಯಾವಾಗ" ಅನ್ನುವಲ್ಲಿ ವಾ ಉದ್ದ. ಕೊನೆಯ "ಲೂ" ಕೂಡ ಉದ್ದ. ಆ ಕೊನೆಯ ಊ ಸುಮ್ಮನೆ ಬಂದಿಲ್ಲ, "ಎಲ್ಲರೂ", "ಯಾರೂ", "ಎಂದೆಂದಿಗೂ" ಇವುಗಳಲ್ಲಿ ಇರುವ ಊ ಅದೇ. ಶುಭಾಶಯದ ಬರಹದಲ್ಲಿ ಈ ಪದಗಳು ಪದೇ ಪದೇ ಬರುತ್ತವೆ. ಇಂಗ್ಲಿಷ್ ಅಕ್ಷರದಿಂದ ಕನ್ನಡ ಮಾಡುವ ಕೀಬೋರ್ಡ್ ಉದ್ದ ಗಿಡ್ಡವನ್ನು ಊಹಿಸಿ ಕೊಡುತ್ತದೆ, ಊಹೆ ಬಹಳ ಸಲ ತಪ್ಪುತ್ತದೆ.

ನೀನು, ನೀವು

ಇದು ಕಾಗುಣಿತದ ವಿಷಯ ಅಲ್ಲ. ಆದರೂ ನಿಮ್ಮ ಅಜ್ಜಿ ಮೊದಲು ಗಮನಿಸುವುದು ಇದನ್ನೇ ಅಂತ ನನಗೆ ಅನ್ನಿಸುತ್ತದೆ. ನೀವು ಎರಡನೇ ಸಾಲಿನಲ್ಲಿ "ನೀನು" ಅಂದಿದ್ದೀರಿ, ಮೂರನೇ ಸಾಲಿನಲ್ಲಿ "ನಿಮ್ಮ" ಅಂದಿದ್ದೀರಿ. ಒಂದೋ ಎಲ್ಲ ಕಡೆ ಅದು, ಇಲ್ಲವೇ ಎಲ್ಲ ಕಡೆ ಇದು.

ಯಾವುದು ಇರಬೇಕು ಅನ್ನುವುದನ್ನು ನಾನು ಹೇಳಲಾರೆ. ಎಷ್ಟೋ ಮನೆಗಳಲ್ಲಿ ಅಜ್ಜಿಯನ್ನು "ನೀನು" ಅಂತಲೇ ಮಾತಾಡಿಸುತ್ತಾರೆ, ಅದರಲ್ಲಿ ಅಗೌರವ ಇಲ್ಲ, ಸಲಿಗೆ ಇದೆ. ಬೇರೆ ಮನೆಗಳಲ್ಲಿ "ನೀವು" ಬಿಟ್ಟು ಬೇರೆ ಮಾತಿಲ್ಲ. ಸ್ಟೇಟಸ್ ನಾಲ್ಕು ಜನ ನೋಡುತ್ತಾರೆ ಅಂತ ಮನೆಯಲ್ಲಿ ಇಲ್ಲದ "ನೀವು" ತಂದರೆ ಅಜ್ಜಿಗೆ ಯಾರೋ ಬೇರೆಯವರು ಬರೆದ ಹಾಗೆ ಅನ್ನಿಸಬಹುದು. ನೀವು ಎರಡನ್ನೂ ಬೆರೆಸಿದ್ದನ್ನು ನೋಡಿದರೆ ಮನೆಯಲ್ಲಿ "ನೀನು" ಅಂತ ಕರೆದು, ಬರೆಯುವಾಗ ಮರ್ಯಾದೆಗೆ "ನಿಮ್ಮ" ಸೇರಿಸಿದಂತಿದೆ. ಹಾಗಿದ್ದರೆ "ನೀನು" ರೂಪವನ್ನೇ ಇಟ್ಟುಕೊಳ್ಳಿ. ಅದನ್ನು ಕೊನೆಯಲ್ಲಿ ಕೊಟ್ಟಿದ್ದೇನೆ.

"ಬಾಳಲೆಂದು" ಅನ್ನುವುದನ್ನು ಬದಲಾಯಿಸಿದ್ದು ಇದೇ ಕಾರಣಕ್ಕೆ. "ಬಾಳಲಿ" ಅನ್ನುವುದು ಎದುರಿಗೆ ಇಲ್ಲದವರ ಬಗ್ಗೆ ಹೇಳುವ ಮಾತು: ಅವಳು ಬಾಳಲಿ, ಅವರು ಬಾಳಲಿ. ಎದುರಿಗಿರುವವರಿಗೆ "ನೀನು ಬಾಳಲಿ" ಅನ್ನುವುದಿಲ್ಲ. ಅದಕ್ಕೆ "ಬಾಳಬೇಕೆಂದು" ಅಂತ ಮಾಡಿದೆ. "ಅಜ್ಜಿ ನೂರು ವರುಷ ಸುಖವಾಗಿ ಬಾಳಲೆಂದು ಹಾರೈಸುತ್ತೇವೆ" ಅಂತ ಬರೆದರೂ ಸರಿಯಾಗುತ್ತದೆ, ಆಗ ನೀನು ನೀವು ಎರಡೂ ಬೇಕಾಗುವುದಿಲ್ಲ.

80ನೇ ಹುಟ್ಟುಹಬ್ಬ

"ನೇ" ಅಂಕಿಗೆ ಅಂಟಿಕೊಂಡಿರಬೇಕು. ಬಿಡಿಸಿ ಬರೆದರೆ ಸಾಲಿನ ಕೊನೆಯಲ್ಲಿ 80 ಉಳಿದು, ಮುಂದಿನ ಸಾಲು "ನೇ" ಅಂತ ಶುರುವಾಗಬಹುದು. ಸಣ್ಣ ತೆರೆಯಲ್ಲಿ ದೊಡ್ಡ ಅಕ್ಷರ ಇಟ್ಟಾಗ ಹೀಗೆ ಆಗುವುದು ಜಾಸ್ತಿ. "80ನೆಯ" ಅನ್ನುವುದೂ ಸರಿ, ಸ್ವಲ್ಪ ಗಂಭೀರ ಬರಹದ ರೂಪ. "ಹುಟ್ಟುಹಬ್ಬ" ಒಂದೇ ಪದ, ಕೂಡಿಸಿ ಬರೆಯಿರಿ. ಬಿಡಿಸಿ ಬರೆದರೂ ಅರ್ಥ ಕೆಡುವುದಿಲ್ಲ, ಅದನ್ನು ದೊಡ್ಡ ತಪ್ಪು ಅಂತ ನಾನು ಎಣಿಸುವುದಿಲ್ಲ.

ಲೆಕ್ಕದ ಕಡೆ ಒಂದು ಮಾತು. ಅಜ್ಜಿಗೆ 80 ತುಂಬುತ್ತದೆ ಅಂದಿದ್ದೀರಿ. ಹಾಗಾದರೆ "80 ತುಂಬಿದ ಅಜ್ಜಿಗೆ" ಅಥವಾ "81ನೇ ವರ್ಷಕ್ಕೆ ಕಾಲಿಟ್ಟ ಅಜ್ಜಿಗೆ" ಅನ್ನಬಹುದು. "80ನೇ ವರ್ಷಕ್ಕೆ ಕಾಲಿಟ್ಟ" ಅಂದರೆ 79 ತುಂಬಿದೆ ಅಂತ ಆಗುತ್ತದೆ. "80ನೇ ಹುಟ್ಟುಹಬ್ಬ" ಅಂತ ಈಗ ಇರುವ ಹಾಗೆ ಬಿಟ್ಟರೆ ಯಾರಿಗೂ ಗೊಂದಲ ಇಲ್ಲ.

"ನೂರು ವರುಷ ಬಾಳಬೇಕು" ಅನ್ನುವುದು ನಮ್ಮಲ್ಲಿ ರೂಢಿಯ ಮಾತು, ಇರಲಿ. ಆದರೆ 80 ದಾಟಿದವರಿಗೆ ಅದು ಒಂದು ಗಡಿ ಹಾಕಿದ ಹಾಗೆ ಕೇಳಿಸಬಹುದು. ನಾನಾಗಿದ್ದರೆ "ಇನ್ನೂ ಬಹಳ ವರುಷ ಆರೋಗ್ಯವಾಗಿ ನಮ್ಮ ಜೊತೆ ಇರಬೇಕು" ಅಂತ ಬರೆಯುತ್ತಿದ್ದೆ. ಇಲ್ಲಿ "ಇನ್ನೂ" ಉದ್ದ ಇರಬೇಕು. "ಇನ್ನು" ಅಂತ ಗಿಡ್ಡ ಮಾಡಿದರೆ "ಇನ್ನು ಮುಂದೆ" ಅನ್ನುವ ಅರ್ಥ ಬರುತ್ತದೆ. "ದೀರ್ಘಾಯುಷ್ಯ" ಅನ್ನುವ ಪದ ಬೇಕೆಂದರೆ ಮೊದಲ ಅಕ್ಷರ ದೀ, ಧೀ ಅಲ್ಲ. ಅಷ್ಟು ಭಾರದ ಪದ ಈ ಸಾಲುಗಳಿಗೆ ಹೊಂದುವುದಿಲ್ಲ ಅಂತ ನನ್ನ ಅನಿಸಿಕೆ.

ಹಾಕುವ ಮುಂಚೆ

ಮನೆಯ ಮಾತಿನಲ್ಲಿ, ಸಲಿಗೆಯ ರೂಪದಲ್ಲಿ ಬೇಕಾದರೆ ಇದು:

"ಪ್ರೀತಿಯ ಅಜ್ಜೀ, 80ನೇ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು. ನೀನು ಇನ್ನೂ ಬಹಳ ವರುಷ ಆರೋಗ್ಯವಾಗಿ ನಮ್ಮ ಜೊತೆ ಇರಬೇಕು. ನಿನ್ನ ಆಶೀರ್ವಾದ ಯಾವಾಗಲೂ ನಮ್ಮ ಮೇಲೆ ಇರಲಿ. ನಿನ್ನ ಮೊಮ್ಮಕ್ಕಳು."

ಇಲ್ಲಿ "ಅಜ್ಜೀ" ಉದ್ದ ಮಾಡಿದ್ದು ಕೂಗಿ ಕರೆಯುವ ರೂಪ. ಅದರ ಮುಂದೆ ಅಲ್ಪವಿರಾಮ ಬೇಕು. "ಅಜ್ಜಿಗೆ" ಅಂತ ಇಟ್ಟುಕೊಂಡರೆ ಅಲ್ಪವಿರಾಮ ಬೇಡ. "ಇಂತಿ" ತೆಗೆದಿದ್ದೇನೆ, ಅದು ಪತ್ರದ ಕೊನೆಗೆ ಚೆಂದ. ಬೇಕು ಅನ್ನಿಸಿದರೆ ಇಟ್ಟುಕೊಳ್ಳಿ. ನೀವೊಬ್ಬರೇ ಬರೆಯುವುದಾದರೆ "ನಮ್ಮ" ಎಲ್ಲ "ನನ್ನ" ಆಗಬೇಕು, ಕೊನೆಗೆ "ಮೊಮ್ಮಗಳು" ಅಥವಾ "ಮೊಮ್ಮಗ" ಅಂತ ಬರಬೇಕು. ಒಂದನ್ನು ಬದಲಾಯಿಸಿ ಇನ್ನೊಂದನ್ನು ಮರೆಯುವುದು ಸಾಮಾನ್ಯ.

ಫೋಟೊ ಮೇಲೆ ಅಕ್ಷರ ಕೂರಿಸುವ ಆಪ್ ಬಳಸುವುದಾದರೆ ಒಂದು ಎಚ್ಚರ. ಕೆಲವು ಅಲಂಕಾರದ ಫಾಂಟ್‌ಗಳಿಗೆ ಕನ್ನಡದ ಒತ್ತಕ್ಷರ ಜೋಡಿಸಲು ಬರುವುದಿಲ್ಲ. "ಅಜ್ಜಿ" ಎರಡು ತುಂಡಾಗಿ "ಅಜ್‌ಜಿ" ಅಂತ ಕಾಣುತ್ತದೆ, "ಹಾರ್ದಿಕ" ಪದದ ಅರ್ಕಾವತ್ತು ಬಿಡಿಸಿಕೊಂಡು "ಹಾರ್‌ದಿಕ" ಆಗುತ್ತದೆ. ನಿಮ್ಮ ಕಾಗುಣಿತ ಸರಿಯಾಗಿಯೇ ಇದೆ, ಫಾಂಟ್ ಸರಿ ಇಲ್ಲ. ಆಗ ಪದಗಳನ್ನು ತಿದ್ದಲು ಹೋಗಬೇಡಿ, ಫಾಂಟ್ ಬದಲಿಸಿ ನೋಡಿ. ಅಲ್ಲೂ ಆಗದಿದ್ದರೆ ಸ್ಟೇಟಸ್‌ನಲ್ಲೇ ನೇರವಾಗಿ ಟೈಪ್ ಮಾಡಿ, ಅಲ್ಲಿ ಒತ್ತಕ್ಷರ ಸರಿಯಾಗಿ ಬರುತ್ತದೆ. ಎಲ್ಲಿಂದಲೋ ಇಳಿಸಿಕೊಂಡ ಶುಭಾಶಯದ ಚಿತ್ರಗಳನ್ನು ನಂಬಬೇಡಿ. ಅದರಲ್ಲಿ "ಶುಭಾಷಯ" ಇದ್ದರೆ ನಿಮಗೆ ತಿದ್ದಲು ಬರುವುದಿಲ್ಲ.

ಬರೆದದ್ದನ್ನು ಮೊದಲು ನಿಮಗೇ ಒಂದು ಮೆಸೇಜ್ ಆಗಿ ಕಳಿಸಿಕೊಳ್ಳಿ. ಫೋನಿನಲ್ಲಿ ಗಟ್ಟಿಯಾಗಿ ಓದಿಸುವ ಸೌಲಭ್ಯ ಇದ್ದರೆ ಓದಿಸಿ ಕೇಳಿ. ೯, ೦ ಎಲ್ಲಾದರೂ ಉಳಿದಿದ್ದರೆ ಕಿವಿಗೆ ಸಿಗುವ ಸಂಭವ ಜಾಸ್ತಿ. ಆಮೇಲೆ ಕೊನೆಯ ಪದದಿಂದ ಮೊದಲ ಪದದವರೆಗೆ ಹಿಂದಿನಿಂದ ಒಂದೊಂದಾಗಿ ಓದಿ. ಮುಂದಿನಿಂದ ಓದಿದರೆ ಅರ್ಥ ಗೊತ್ತಿರುವುದರಿಂದ ಕಣ್ಣು ಜಾರುತ್ತದೆ, ಹಿಂದಿನಿಂದ ಓದಿದರೆ ಪ್ರತಿ ಪದದ ಮೇಲೂ ನಿಲ್ಲಬೇಕಾಗುತ್ತದೆ. ಕರಡು ತಿದ್ದುವಾಗ ನಾನೂ ತಲೆಬರಹಗಳನ್ನು ಹೀಗೇ ನೋಡುತ್ತೇನೆ.

ಸ್ಟೇಟಸ್ 24 ಗಂಟೆ ಇರುತ್ತದೆ. ಹಾಕಿದ ಮೇಲೆ ತಪ್ಪು ಕಂಡರೆ ಅದನ್ನು ಅಳಿಸಿ, ತಿದ್ದಿದ್ದನ್ನು ಹೊಸದಾಗಿ ಹಾಕಿ. ಹಳೆಯದನ್ನು ನೋಡಿದವರಿಗೆ ಹೊಸದೂ ಕಾಣುತ್ತದೆ. ಅಜ್ಜಿಯ ನಂಬರ್ ನಿಮ್ಮ ಫೋನಿನಲ್ಲಿ, ನಿಮ್ಮ ನಂಬರ್ ಅಜ್ಜಿಯ ಫೋನಿನಲ್ಲಿ, ಎರಡೂ ಕಡೆ ಸೇವ್ ಆಗಿದೆಯಾ ಅಂತ ಇವತ್ತೇ ನೋಡಿಕೊಳ್ಳಿ. ವಾಟ್ಸಾಪ್‌ನಲ್ಲಾದರೆ ಹಾಗಿಲ್ಲದಿದ್ದರೆ ಸ್ಟೇಟಸ್ ಅವರಿಗೆ ಕಾಣುವುದೇ ಇಲ್ಲ.